ಪೀಡಿಯಾರಿಕ್ಸ್ ಮತ್ತು ಪೆಂಟಾವೇಲೆಂಟ್ ಒಂದೇ ಅಲ್ಲ

"ಮಗುವಿನ ವಿದೇಶದ ಲಸಿಕೆ ಕಾರ್ಡಿನ ಫೋಟೋದಲ್ಲಿ ಪೀಡಿಯಾರಿಕ್ಸ್ 06/05/2023 ಅಂತಿದೆ. ಇಲ್ಲಿನ ಪಟ್ಟಿಯಲ್ಲಿ ಪೆಂಟಾವೇಲೆಂಟ್ ಇದೆ. ಎರಡೂ ಒಂದೇನಾ?"

ಎರಡೂ ಕೂಡು ಲಸಿಕೆಗಳೇ, ಆದರೆ ಒಳಗಿರುವುದು ಬೇರೆ, ಗೊಂದಲ ಅಲ್ಲೇ ಆಗಿರೋದು. ಪೀಡಿಯಾರಿಕ್ಸ್‌ನಲ್ಲಿ ಗಂಟಲಮಾರಿ, ಧನುರ್ವಾಯು, ನಾಯಿಕೆಮ್ಮು, ಹೆಪಟೈಟಿಸ್ ಬಿ ಜೊತೆಗೆ ಪೋಲಿಯೊ ಇದೆ. ಪೆಂಟಾವೇಲೆಂಟ್‌ನಲ್ಲಿ ಮೊದಲ ನಾಲ್ಕೂ ಇವೆ, ಆದರೆ ಪೋಲಿಯೊ ಬದಲು ಹಿಬ್, ಅಂದರೆ ಮಕ್ಕಳಲ್ಲಿ ನ್ಯುಮೋನಿಯಾ, ಮಿದುಳು ಜ್ವರ ತರುವ ಒಂದು ಬ್ಯಾಕ್ಟೀರಿಯಾದ ವಿರುದ್ಧದ ಲಸಿಕೆ ಇರುತ್ತದೆ. ಹಾಗಾಗಿ ಕಾರ್ಡಿನಲ್ಲಿ ಹಿಬ್ ಅಂತ ಬೇರೆ ಸಾಲು ಇದೆಯಾ ನೋಡಿ. ಇದ್ದರೆ ಎರಡು ಸಾಲೂ ಸೇರಿ ಪೆಂಟಾವೇಲೆಂಟ್‌ಗೆ ಸಮ, ಪೋಲಿಯೊ ಇಂಜೆಕ್ಷನ್ ಕಾಲಂಗೂ ಅದೇ ದಿನ ಬರೆಯಿರಿ.

ಇನ್ನು ದಿನಾಂಕ. ಇದು ಮೇ 6ನೋ ಜೂನ್ 5ನೋ? ಇದೊಂದನ್ನೇ ನೋಡಿದರೆ ಗೊತ್ತಾಗಲ್ಲ. ಇಡೀ ಕಾರ್ಡಿನಲ್ಲಿ 12ಕ್ಕಿಂತ ದೊಡ್ಡ ಸಂಖ್ಯೆ ಇರುವ ದಿನಾಂಕ ಹುಡುಕಿ: 08/14/2023 ಅಂತ ಸಿಕ್ಕರೆ ತಿಂಗಳು ಮೊದಲು, ಅಂದರೆ ನಿಮ್ಮದು ಜೂನ್ 5. ಅಂಥದ್ದು ಸಿಗದಿದ್ದರೆ ಸುಮ್ನೆ ಊಹಿಸಬೇಡಿ, ಲಸಿಕೆ ಹಾಕಿದ ಕ್ಲಿನಿಕ್‌ಗೇ ಬರೆದು ಕೇಳಿ.

ಅಲ್ಲಿ 2, 4, 6 ತಿಂಗಳು, ಇಲ್ಲಿ 6, 10, 14 ವಾರ ಅಂತ ಗಾಬರಿ ಬೇಡ. ಎಷ್ಟು ಡೋಸ್ ಆಗಿದೆ, ನಡುವೆ ಕನಿಷ್ಠ 4 ವಾರ ಇದೆಯಾ, ಅದನ್ನು ಬರೆದುಕೊಂಡು ಫೋಟೋ ಸಮೇತ ಮಕ್ಕಳ ಡಾಕ್ಟರಿಗೆ ತೋರಿಸಿ. ಕ್ಷಯರೋಗದ ಲಸಿಕೆ ಬಿಸಿಜಿಯ ಸಾಲು ಇಲ್ಲದಿದ್ದರೆ ಅದನ್ನೂ ಹೇಳಿ, ಕೆಲವು ದೇಶಗಳಲ್ಲಿ ಅದನ್ನು ಎಲ್ಲ ಮಕ್ಕಳಿಗೂ ಹಾಕುವುದಿಲ್ಲ.