ಆರು ದಾರಿ ಇದ್ದರೂ R/2 ಯಾಕಲ್ಲ?

ಪ್ರಶ್ನೆ: ಸರ್, ನಾನು ಗುಬ್ಬಿಯವಳು, ಸೆಕೆಂಡ್ ಪಿಯು. 12 ಸಮ ರೆಸಿಸ್ಟರ್‌ಗಳ ಕ್ಯೂಬಿನಲ್ಲಿ ಎದುರುಬದುರು ಮೂಲೆಗಳ ನಡುವೆ ರೆಸಿಸ್ಟೆನ್ಸ್ ಎಷ್ಟು ಅಂತ ಲೆಕ್ಕ ಕೊಟ್ಟಿದ್ದಾರೆ. ಲೂಪ್ ಸಮೀಕರಣ ಬರೆದು ಬರೆದು ತಲೆ ಕೆಟ್ಟಿತು. ಆಮೇಲೆ ಹೀಗೆ ಮಾಡಿದೆ: ಹೋಗೋಕೆ ಆರು ದಾರಿ, ಒಂದೊಂದೂ 3R, ಆರೂ ಪ್ಯಾರಲಲ್, ಅಂದ್ರೆ R/2. ಗೆಳತಿ 5R/6 ಅಂತಾಳೆ. ಯಾರದು ಸರಿ?

ಉತ್ತರ: ಗೆಳತಿಯದು ಸರಿ ಕಣಮ್ಮ. ಆದರೆ ನಿನ್ನ ದಾರಿಯೂ ಪೂರ್ತಿ ತಪ್ಪಲ್ಲ, ಒಂದೇ ಒಂದು ಕಡೆ ಜಾರಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕ್ಯೂಬನ್ನು ಮೇಜಿನ ಮೇಲೆ ಇಡಬೇಡ. ಒಂದು ಮೂಲೆಗೆ ದಾರ ಕಟ್ಟಿ, ದೀಪಾವಳಿಗೆ ಆಕಾಶಬುಟ್ಟಿ ತೂಗುಹಾಕುತ್ತೀವಲ್ಲ, ಹಾಗೆ ನೇತುಹಾಕು. ಕರೆಂಟ್ ಒಳಗೆ ಬರುವ ಮೂಲೆ ಮೇಲೆ, ಹೊರಗೆ ಹೋಗುವ ಮೂಲೆ ನೇರ ಕೆಳಗೆ. ಈಗ ದಾರವನ್ನು ಮೂರರಲ್ಲಿ ಒಂದು ಸುತ್ತು ತಿರುಗಿಸು. ಕ್ಯೂಬ್ ತಿರುಗಿದ್ದೇ ಗೊತ್ತಾಗಲ್ಲ, ಮೊದಲಿನ ಹಾಗೇ ಕಾಣುತ್ತೆ. ಅಂದಮೇಲೆ ಮೇಲಿನಿಂದ ಇಳಿಯುವ ಮೂರು ಕೋಲುಗಳಲ್ಲಿ ಒಂದಕ್ಕೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಕರೆಂಟ್ ಹೋಗೋಕೆ ಕಾರಣವೇ ಇಲ್ಲ. ತಲಾ I/3.

ಒಂದೊಂದು ಕೋಲಿನ ತುದಿಯಲ್ಲೂ ದಾರಿ ಎರಡಾಗುತ್ತೆ. ಅಲ್ಲೂ ಎಡ, ಬಲಕ್ಕೆ ವ್ಯತ್ಯಾಸವಿಲ್ಲ, ಹಾಗಾಗಿ ನಡುವಿನ ಆರು ಕೋಲುಗಳಲ್ಲಿ ತಲಾ I/6. ಅವು ಎರಡೆರಡಾಗಿ ಕೂಡಿ, ಕೆಳಗಿನ ಮೂರು ಕೋಲುಗಳಲ್ಲಿ ಮತ್ತೆ I/3. ಇನ್ನು ಯಾವುದಾದರೂ ಒಂದು ದಾರಿ ಹಿಡಿದು ಇಳಿ, ವೋಲ್ಟೇಜ್ ಕೂಡಿಸುತ್ತಾ ಹೋಗು:

V = IR/3 + IR/6 + IR/3 = 5IR/6

ಅಷ್ಟೇ. ಒಂದು ಲೂಪನ್ನೂ ಬಿಡಿಸಲಿಲ್ಲ.

ಈಗ ನಿನ್ನ R/2. ಆರು ದಾರಿ ಅಂತ ಎಣಿಸಿದ್ದು ಸರಿಯೇ. ಆದರೆ ಮೇಲಿನ ಒಂದೊಂದು ಕೋಲನ್ನೂ ಎರಡೆರಡು ದಾರಿಗಳು ಹಂಚಿಕೊಂಡಿವೆ, ಕೆಳಗಿನವೂ ಹಾಗೇ. ನೀನು ಅದೇ ಕೋಲನ್ನು ಎರಡು ಸಲ ಎಣಿಸಿದೆ, ಅಂದರೆ ಇರೋದು ಮೂರು ಕೋಲು, ಲೆಕ್ಕಕ್ಕೆ ಬಂದದ್ದು ಆರು. ಸರಿಮಾಡೋದು ಸುಲಭ. ಹಂಚಿಕೊಂಡ R ಕೋಲನ್ನು ಉದ್ದಕ್ಕೆ ಸೀಳಿ ಎರಡು ಮಾಡಿದೆ ಅಂದುಕೋ. ಒಂದೊಂದು ಸೀಳೂ 2R, ಎರಡೂ ಪ್ಯಾರಲಲ್‌ನಲ್ಲಿ ಸೇರಿದರೆ ಮತ್ತೆ R. ಈಗ ಒಂದು ದಾರಿಗೆ 2R + R + 2R = 5R. ಅಂಥ ಆರು ಪ್ಯಾರಲಲ್, 5R/6. ನನಗೆ ಕೇಳಿದರೆ ಪಾಠದ ವಿಧಾನಕ್ಕಿಂತ ಇದೇ ಚೆಂದ!

ನಂಬಿಕೆ ಬರದಿದ್ದರೆ ತುಮಕೂರಿಗೆ ಬಂದಾಗ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 1 ಕಿಲೋಓಮ್‌ನ 12 ರೆಸಿಸ್ಟರ್ ತಗೊಂಡು ಬೆಸುಗೆ ಹಾಕಿ ನೋಡು. ಮಲ್ಟಿಮೀಟರ್ 833 ಓಮ್ ಹತ್ತಿರ ತೋರಿಸಬೇಕು. ಆಮೇಲೆ ಮೇಲಿನ ಮೂಲೆಗೆ 5 ವೋಲ್ಟ್ ಕೊಟ್ಟು, ಕೆಳಗಿನದನ್ನು ಸೊನ್ನೆಗೆ ಹಾಕು. ಮೇಲಿನ ಮೂಲೆಯ ಪಕ್ಕದ ಮೂರು ಮೂಲೆಗಳಲ್ಲೂ 3 ವೋಲ್ಟ್, ಅದರ ಕೆಳಗಿನ ಮೂರರಲ್ಲೂ 2 ವೋಲ್ಟ್ ಸಿಗುತ್ತೆ. ಓಮ್ ಅಳೆಯುವಾಗ ಮಾತ್ರ ಪವರ್ ತೆಗೆದಿರು.

ಒಂದು ಸಲ ಕಾಲೇಜ್ ಲ್ಯಾಬಿನಲ್ಲಿ ನಾನೇ ಕಟ್ಟಿದ ಕ್ಯೂಬ್ ಮಾನ ಕಳೀತು. ಹುಡುಗರ ಮುಂದೆ ಮೀಟರ್ ಇಟ್ಟರೆ 1040 ದಾಟಿತ್ತು. ರೆಸಿಸ್ಟರ್‌ಗಳು ಶೇ. 5ರಷ್ಟು ಹೆಚ್ಚುಕಡಿಮೆ ಇರುವಂಥವು. ಆದರೆ ಎಲ್ಲವೂ ಶೇ. 5ರೊಳಗೇ ಇದ್ದರೆ ಒಟ್ಟು ಮೊತ್ತವೂ ಶೇ. 5ರೊಳಗೇ ಇರಬೇಕು, ಅಂದರೆ 875 ದಾಟೋ ಹಾಗಿಲ್ಲ. ಹಾಗಾದರೆ ಎಲ್ಲೋ ಒಂದು ಬೇರೆಯದೇ ಸೇರಿಕೊಂಡಿದೆ. ಯಾವುದು? 5 ವೋಲ್ಟ್ ಕೊಟ್ಟು ಮೇಲಿನ ಮೂಲೆಯ ಪಕ್ಕದ ಮೂರನ್ನೂ ಮುಟ್ಟಿದೆ. ಎರಡರಲ್ಲಿ 2.8ರ ಹತ್ತಿರ, ಮೂರನೆಯದರಲ್ಲಿ ಬರೀ 1.6. ಮೂರೂ ಒಂದೇ ಆಗಿರಬೇಕಿತ್ತಲ್ವಾ? ಆ ಮೂಲೆಗೆ ಮೇಲಿನಿಂದ ಬರುವ ರೆಸಿಸ್ಟರನ್ನು ಬೆಳಕಿಗೆ ಹಿಡಿದೆ. ಕಂದು, ಕಪ್ಪು, ಕೆಂಪು ಇರಬೇಕಾದ ಜಾಗದಲ್ಲಿ ಕಂದು, ಕಪ್ಪು, ಕಿತ್ತಳೆ. 10 ಕಿಲೋಓಮ್! ಟ್ಯೂಬ್‌ಲೈಟ್ ಬೆಳಕಲ್ಲಿ ಕೆಂಪು ಯಾವುದು, ಕಿತ್ತಳೆ ಯಾವುದು ಅಂತ ನನ್ನ ಕಣ್ಣಿಗೆ ತಿಳಿದಿರಲಿಲ್ಲ.

ಇಂಥ ಕ್ಯೂಬಿಗೆ I/3, I/6 ಲೆಕ್ಕ ನಡೆಯಲ್ಲ, ದಾರ ತಿರುಗಿಸಿದರೆ ಅದು ಮೊದಲಿನ ಹಾಗೆ ಕಾಣಲ್ಲ. ಅಕ್ಕಪಕ್ಕದ ಎರಡು ಮೂಲೆಗಳ ನಡುವೆ ಅಳೆದರೂ ಅಷ್ಟೇ, ಮೂರು ಕೋಲೂ ಸಮ ಅನ್ನೋಕೆ ಆಗಲ್ಲ. ಅಲ್ಲಿ ಉತ್ತರ 7R/12, ಅದಕ್ಕೆ ಬೇರೆ ಉಪಾಯ ಬೇಕು.

ಆ ರೆಸಿಸ್ಟರ್ ಬದಲಾಯಿಸಿದ ಮೇಲೆ ಮೀಟರ್ 829ಕ್ಕೆ ಬಂದು ನಿಂತಿತು.