ಬಾತ್‌ನಲ್ಲಿ ಕೊಡಲೇ, ರೂಪಾಯಿಯಲ್ಲೇ?

“ಪುಣೆಯಿಂದ ಬ್ಯಾಂಕಾಕ್‌ಗೆ ಹೊರಟಿದ್ದೇವೆ. ಹೋಟೆಲ್ ಸೈಟ್ 10,000 ಬಾತ್ ಅಥವಾ 26,250 ರೂಪಾಯಿ ಅನ್ನುತ್ತೆ. ಯಾವುದು ಕಮ್ಮಿ ಬೀಳುತ್ತೆ?”

ನಿಮ್ಮ ಕಾರ್ಡಿನ ಫಾರೆಕ್ಸ್ ಮಾರ್ಕಪ್, ಅಂದರೆ ವಿದೇಶಿ ಕರೆನ್ಸಿಯಲ್ಲಿ ಕೊಟ್ಟಾಗ ಬ್ಯಾಂಕ್ ಹಾಕುವ ಹೆಚ್ಚುವರಿ ಶುಲ್ಕ, ಎಷ್ಟು ಅಂತ ಮೊದಲು ನೋಡಿ ಸರ್, ಬ್ಯಾಂಕಿನ ಶುಲ್ಕಪಟ್ಟಿಯಲ್ಲಿರುತ್ತೆ. ಶೇ. 3.5 ಅಂದುಕೊಳ್ಳಿ. ಕಾರ್ಡ್ ನೆಟ್‌ವರ್ಕ್ ಬಾತ್‌ಗೆ 2.50 ರೂಪಾಯಿ ಹಿಡಿದರೆ 25,000. ಮಾರ್ಕಪ್ 875, ಅದರ ಮೇಲೆ ಶೇ. 18 ಜಿಎಸ್‌ಟಿ 157.50. ಒಟ್ಟು ಸುಮಾರು 26,033.

ಅಂದರೆ ಬಾತ್‌ನಲ್ಲೇ ಕಮ್ಮಿ. ಆದರೆ ವ್ಯತ್ಯಾಸ 217 ರೂಪಾಯಿಗೇ ನಿಲ್ಲುವುದಿಲ್ಲ, ಜನ ಎಡವುವುದು ಇಲ್ಲೇ. ಹಣ ಪಡೆಯುವವರು ವಿದೇಶದಲ್ಲಿ ನೋಂದಾಯಿಸಿದ್ದರೆ, ರೂಪಾಯಿಯಲ್ಲಿ ಕೊಟ್ಟರೂ ಹಲವು ಬ್ಯಾಂಕುಗಳು ಪ್ರತ್ಯೇಕ ಶುಲ್ಕ ಹಾಕುತ್ತವೆ. ಶೇ. 1 ಇದ್ದರೆ ಜಿಎಸ್‌ಟಿ ಸೇರಿ 26,560 ಆಗುತ್ತೆ. ನನಗೆ ಹೀಗೆ ಒಮ್ಮೆ ಬಿದ್ದಿದೆ, ಸ್ಟೇಟ್‌ಮೆಂಟಿನಲ್ಲಿ ಬೇರೆ ಸಾಲಾಗಿ ಬಂದಿತ್ತು.

ಒಟಿಪಿ ಮೆಸೇಜಿನಲ್ಲಿ THB ಇದೆಯೋ INR ಇದೆಯೋ ಓದಿಯೇ ಅಂಕಿ ಒತ್ತಿ. ಕೆಲವು ಸೈಟ್‌ಗಳಲ್ಲಿ ಕೊನೆಯ ಪುಟದಲ್ಲಿ ರೂಪಾಯಿ ತಾನಾಗೇ ಆಯ್ಕೆಯಾಗಿರುತ್ತೆ. ಬಾತ್‌ನಲ್ಲಿ ಕೊಟ್ಟರೆ ಅಂತಿಮ ದರ ಒಂದೆರಡು ದಿನದ ನಂತರ, ವ್ಯವಹಾರ ಪಕ್ಕಾ ಆದಾಗ ಗೊತ್ತಾಗುತ್ತೆ. ಹಾಗಾಗಿ ಮೊದಲು ಬಂದ ಮೆಸೇಜಿನ ಮೊತ್ತ ನೋಡಿ ಲೆಕ್ಕ ಮುಗಿಸಬೇಡಿ.