ಇಂಗ್ಲಿಷ್‌ಗೆ ಹೋದ ಅವತಾರ

ಪ್ರಶ್ನೆ: ಕರ್ಮ, ಗುರು, ಅವತಾರ ಇಂಗ್ಲಿಷ್‌ಗೆ ಹೋದಮೇಲೆ ಅರ್ಥ ಹೇಗೆ ಬದಲಾಯ್ತು?

ಗುರು ಅಲ್ಲಿ ಯಾವುದೇ ವಿಷಯದ ಪರಿಣತ, ಕರ್ಮ ಅಂದರೆ ಮಾಡಿದ್ದಕ್ಕೆ ಸಿಗುವ ತಕ್ಷಣದ ತಿರುಗೇಟು. ಜಾಸ್ತಿ ದೂರ ಹೋಗಿದ್ದು ಅವತಾರ. ಸಂಸ್ಕೃತದಲ್ಲಿ 'ಅವ' ಅಂದರೆ ಕೆಳಕ್ಕೆ, 'ತೃ' ಅಂದರೆ ದಾಟು. ದೇವರು ಮೇಲಿನಿಂದ ಇಳಿದು ಬರುವುದೇ ಅವತಾರ. 18ನೇ ಶತಮಾನದ ಕೊನೆಗೆ ಇಂಗ್ಲಿಷ್ ಸೇರಿದಾಗಲೂ ಅದು ವಿಷ್ಣುವಿನಂಥ ದೇವರ ಬಗ್ಗೆ ಹೇಳುವ ಮಾತೇ ಆಗಿತ್ತು. 1980ರ ದಶಕದಲ್ಲಿ ಲೂಕಸ್‌ಫಿಲ್ಮ್‌ನ 'ಹ್ಯಾಬಿಟಾಟ್' ಆಟದಲ್ಲಿ, ಪರದೆ ಮೇಲೆ ಆಟಗಾರನ ಪರವಾಗಿ ಓಡಾಡುವ ಗೊಂಬೆಗೆ ಈ ಹೆಸರು ಬಂತು. ಇಳಿಯುವುದು ಉಳಿಯಿತು, ಇಳಿಯುವವನು ಮಾತ್ರ ಮನುಷ್ಯನಾದ. ಈಗ ಪ್ರೊಫೈಲ್ ಚಿತ್ರವೂ ಅವತಾರವೇ. ಅಲ್ಲಿ ಉಳಿದಿರುವುದು ಬರೀ ರೂಪ.

ನಮ್ಮಲ್ಲೂ ಈ ಪದ ಸುಮ್ನೆ ಕೂತಿಲ್ಲ. ಮೈಯೆಲ್ಲ ಕೆಸರು ಮೆತ್ತಿಕೊಂಡು ಬಂದ ಮಗನಿಗೆ ಅಮ್ಮ 'ಏನೋ ಇದು ನಿನ್ನ ಅವತಾರ!' ಅಂತಾಳೆ ಅಲ್ವಾ? ಅಲ್ಲೂ ಅರ್ಥ ರೂಪವೇ.